ವರ್ಗವಾರು, ಸ್ಥಳವಾರು ದಾಸ್ತಾನು: ತಿಂಗಳ ಪರಿಶೀಲನೆಗೆ ಪಿವಟ್ ಟೇಬಲ್

ಒಂದೇ ಅಂಗಡಿಯಲ್ಲಿ ವ್ಯಾಪಾರ ನಡೆಸುವ ವರ್ತಕನಿಗೆ ಸರಕಿನ ಪರಿಸ್ಥಿತಿ ಕಣ್ಣಳತೆಯಲ್ಲಿಯೇ ತಿಳಿಯುತ್ತದೆ. ವ್ಯಾಪಾರ ಬೆಳೆದು ಅಂಗಡಿಯ ಜೊತೆಗೆ ಒಂದು ಗೋದಾಮು, ಮತ್ತೊಂದು ಊರಿನಲ್ಲಿ ಒಂದು ಶಾಖೆ ಸೇರಿಕೊಂಡ ದಿನದಿಂದ ಈ ಕಣ್ಣಳತೆ ಕೆಲಸ ಮಾಡುವುದಿಲ್ಲ. ಲೆಕ್ಕಪತ್ರದಲ್ಲಿ ಆಖೈರು ದಾಸ್ತಾನು ಹದಿನಾರು ಲಕ್ಷ ರೂಪಾಯಿ ಎಂದು ಒಂದೇ ಮೊತ್ತ ಕಾಣುತ್ತದೆ. ಆ ಹದಿನಾರು ಲಕ್ಷ ಯಾವ ಸರಕಿನಲ್ಲಿ, ಯಾವ ಊರಿನಲ್ಲಿ ಕುಳಿತಿದೆ ಎಂಬುದನ್ನು ಆ ಮೊತ್ತ ಹೇಳುವುದಿಲ್ಲ. ಎಕ್ಸೆಲ್ ತಂತ್ರಾಂಶದಲ್ಲಿರುವ ಪಿವಟ್ ಟೇಬಲ್ ಎಂಬ ಸೌಲಭ್ಯವು ಈ ಮೊತ್ತವನ್ನು ಕೆಲವೇ ಕ್ಷಣಗಳಲ್ಲಿ ವರ್ಗವಾರು ಹಾಗೂ ಸ್ಥಳವಾರು ಬಿಡಿಸಿ ತೋರಿಸುತ್ತದೆ. ಅದನ್ನು ಸಿದ್ಧಪಡಿಸುವ ಕ್ರಮ, ಓದುವ ಬಗೆ ಮತ್ತು ಅದು ತಪ್ಪು ಹೇಳುವ ಸಂದರ್ಭಗಳನ್ನು ಈ ಲೇಖನದಲ್ಲಿ ಒಂದು ಉದಾಹರಣೆಯ ಮೂಲಕ ವಿವರಿಸಲಾಗಿದೆ.

ಉದಾಹರಣೆಗಾಗಿ ಕಮಲನಗರದ ಒಬ್ಬ ವರ್ತಕನನ್ನು ಭಾವಿಸಿಕೊಳ್ಳಬಹುದು. ಆತನದು ಪಿ.ವಿ.ಸಿ. ಪೈಪು, ನೀರೆತ್ತುವ ಪಂಪು, ವಿದ್ಯುತ್ ತಂತಿ ಮತ್ತು ಬಣ್ಣದ ವ್ಯಾಪಾರ. ಪೇಟೆಯಲ್ಲಿ ಅಂಗಡಿ, ಭಾಲ್ಕಿ ರಸ್ತೆಯಲ್ಲಿ ಗೋದಾಮು, ಔರಾದದಲ್ಲಿ ಒಂದು ಶಾಖೆ ಇವೆ. ಮುಂದಿನ ಅಂಕಿಗಳೆಲ್ಲ ವಿವರಣೆಗಾಗಿ ಹೊಂದಿಸಿದವು.

ಮೂಲ ಪಟ್ಟಿ ಹೇಗಿರಬೇಕು

ಪಿವಟ್ ಟೇಬಲ್ ತಾನಾಗಿ ಏನನ್ನೂ ಲೆಕ್ಕ ಹಿಡಿಯುವುದಿಲ್ಲ. ತನಗೆ ಕೊಟ್ಟ ಪಟ್ಟಿಯನ್ನು ವರ್ಗೀಕರಿಸಿ ಕೂಡಿಸುವುದಷ್ಟೇ ಅದರ ಕೆಲಸ. ಆದ್ದರಿಂದ ಪಟ್ಟಿ ನೇರವಾಗಿರಬೇಕು. ಒಂದು ಸರಕು ಒಂದು ಸ್ಥಳದಲ್ಲಿದ್ದರೆ ಅದಕ್ಕೆ ಒಂದು ಸಾಲು; ಅದೇ ಸರಕು ಮೂರು ಸ್ಥಳಗಳಲ್ಲಿದ್ದರೆ ಮೂರು ಸಾಲು. ಅನೇಕ ಅಂಗಡಿಗಳಲ್ಲಿ ಸರಕಿನ ಹೆಸರಿನ ಮುಂದೆ ‘ಅಂಗಡಿ’, ‘ಗೋದಾಮು’, ‘ಔರಾದ’ ಎಂದು ಮೂರು ಅಂಕಣಗಳನ್ನು ಹಾಕಿ, ಪ್ರತಿ ವರ್ಗದ ಕೆಳಗೆ ಉಪಮೊತ್ತ ಬರೆಯುವ ರೂಢಿಯಿದೆ. ಕಾಗದದ ಮೇಲೆ ಅದು ಅಂದವಾಗಿ ಕಾಣುತ್ತದೆ, ಆದರೆ ಪಿವಟ್ ಟೇಬಲಿಗೆ ಅದು ಒಗ್ಗುವುದಿಲ್ಲ. ಉಪಮೊತ್ತದ ಸಾಲುಗಳೂ ಸರಕೆಂದೇ ಎಣಿಕೆಯಾಗಿ ಮೊತ್ತ ಇಮ್ಮಡಿಯಾಗುತ್ತದೆ.

ಪಟ್ಟಿಯ ಮಾದರಿ ಹೀಗಿದೆ:

| Month | Category | Item | Location | Unit | BookQty | CountQty | Rate | Value |
|---|---|---|---|---|---|---|---|---|
| 30-09-2025 | ಬಣ್ಣ | ಎಮಲ್ಶನ್ 20 ಲೀ. | ಔರಾದ | ಡಬ್ಬಿ | 12 | 12 | 2,500 | 30,000 |
| 30-09-2025 | ತಂತಿ | ತಂತಿ 90 ಮೀ. | ಗೋದಾಮು | ಸುರುಳಿ | 20 | 16 | 1,800 | 28,800 |
| 30-09-2025 | ತಂತಿ | ತಂತಿ 90 ಮೀ. | ಅಂಗಡಿ | ಸುರುಳಿ | 10 | 14 | 1,800 | 25,200 |
| 30-09-2025 | ತಂತಿ | ತಂತಿ 90 ಮೀ. | ಔರಾದ | ಸುರುಳಿ | 8 | 6 | 1,800 | 10,800 |

`BookQty` ಎಂಬುದು ಪುಸ್ತಕದ ಪ್ರಕಾರ ಇರಬೇಕಾದ ಪರಿಮಾಣ. `CountQty` ತಿಂಗಳ ಕೊನೆಯ ದಿನ ಎಣಿಸಿದಾಗ ಕಂಡ ಪರಿಮಾಣ. `Rate` ಖರೀದಿ ದರವೇ ಹೊರತು ಮಾರಾಟದ ದರವಲ್ಲ. ಜಿ.ಎಸ್.ಟಿ. ಹೂಡುವಳಿ ತೆರಿಗೆ ಜಮೆ ಪಡೆಯುವ ವರ್ತಕರು ತೆರಿಗೆಯನ್ನು ಬಿಟ್ಟು ದರ ಬರೆಯಬೇಕು. ರಾಜಿ ತೆರಿಗೆ ಪದ್ಧತಿಯಲ್ಲಿರುವವರಿಗೆ ಆ ಜಮೆ ಇಲ್ಲವಾದ್ದರಿಂದ ತೆರಿಗೆ ಸೇರಿದ ದರವೇ ಅವರ ಖರೀದಿ ದರ. ಕೊನೆಯ ಅಂಕಣ ಹಾಗೂ ಅದರ ಪಕ್ಕದಲ್ಲಿ `DiffValue` ಎಂಬ ಮತ್ತೊಂದು ಅಂಕಣವನ್ನು ಸೂತ್ರದ ಮೂಲಕ ಪಡೆಯಬೇಕು:

```
I2:  =G2*H2
J2:  =(G2-F2)*H2
```

ಪರಿಮಾಣವನ್ನು ದರದಿಂದ ಗುಣಿಸುವ ಕೆಲಸ ಪ್ರತಿ ಸಾಲಿನಲ್ಲಿಯೇ ಮುಗಿಯಬೇಕು. ಅದನ್ನು ಪಿವಟ್ ಟೇಬಲಿನೊಳಗಿನ `Calculated Field` ಸೌಲಭ್ಯಕ್ಕೆ ಬಿಟ್ಟರೆ, ಅದು ಮೊದಲು ಎಲ್ಲ ಪರಿಮಾಣಗಳನ್ನು ಕೂಡಿಸಿ, ಎಲ್ಲ ದರಗಳನ್ನೂ ಕೂಡಿಸಿ, ನಂತರ ಆ ಎರಡು ಮೊತ್ತಗಳನ್ನು ಗುಣಿಸುತ್ತದೆ. ಫಲಿತಾಂಶ ಅರ್ಥವಿಲ್ಲದ ದೊಡ್ಡ ಅಂಕಿಯಾಗಿರುತ್ತದೆ.

ಎಣಿಕೆಯ ಅಂಕಣದಲ್ಲಿ ಇನ್ನೊಂದು ಎಚ್ಚರ ಅಗತ್ಯ. ಎಣಿಸದೆ ಬಿಟ್ಟ ಮನೆಯನ್ನು ಎಕ್ಸೆಲ್ ಸೊನ್ನೆಯೆಂದೇ ತೆಗೆದುಕೊಳ್ಳುತ್ತದೆ. ಸರಕು ಇಲ್ಲವೆಂಬುದೂ ಸರಕನ್ನು ಎಣಿಸಿಲ್ಲವೆಂಬುದೂ ಬೇರೆ ಬೇರೆ ಸಂಗತಿಗಳು. ಸರಕು ಇಲ್ಲದಿದ್ದರೆ 0 ಎಂದು ಬರೆಯಬೇಕು. ಖಾಲಿ ಮನೆ ಒಂದಾದರೂ ಉಳಿದಿದ್ದರೆ ಪರಿಶೀಲನೆ ಆರಂಭವಾಗಕೂಡದು.

ಕೋಷ್ಟಕ ರಚನೆ

ಪಟ್ಟಿಯೊಳಗೆ ಎಲ್ಲಿಯಾದರೂ ನಿಂತು `Ctrl+T` ಒತ್ತಿದರೆ ಅದು ಎಕ್ಸೆಲ್ ಟೇಬಲ್ ಆಗುತ್ತದೆ. `Table Design` ಅಡಿಯಲ್ಲಿ ಅದಕ್ಕೆ `Stock` ಎಂಬ ಹೆಸರು ಕೊಡಬೇಕು. ಹೀಗೆ ಮಾಡಿದರೆ ಮುಂದಿನ ತಿಂಗಳ ಸಾಲುಗಳನ್ನು ಕೆಳಗೆ ಸೇರಿಸಿದಾಗ ಪಟ್ಟಿಯ ಎಲ್ಲೆಯೂ ತಾನಾಗಿ ಹಿಗ್ಗುತ್ತದೆ. ಬಳಿಕ `Insert`, ಅದರಲ್ಲಿ `PivotTable`. ತೆರೆಯುವ ಕ್ಷೇತ್ರಗಳ ಪಟ್ಟಿಯಿಂದ `Category` ಅನ್ನು `Rows` ಚೌಕಕ್ಕೆ, `Location` ಅನ್ನು `Columns` ಚೌಕಕ್ಕೆ, `Value` ಅನ್ನು `Values` ಚೌಕಕ್ಕೆ, `Month` ಅನ್ನು `Filters` ಚೌಕಕ್ಕೆ ಎಳೆದು ಬಿಡಬೇಕು. ಮೇಲಿನ ಸೋಸುವ ಪಟ್ಟಿಯಲ್ಲಿ 30-09-2025 ಒಂದನ್ನೇ ಆರಿಸಿದರೆ ಈ ಕೋಷ್ಟಕ ದೊರೆಯುತ್ತದೆ:

| ವರ್ಗ | ಅಂಗಡಿ | ಗೋದಾಮು | ಔರಾದ | ಒಟ್ಟು (ರೂ.) |
|---|---|---|---|---|
| ಪೈಪು | 90,000 | 4,20,000 | 1,10,000 | 6,20,000 |
| ಪಂಪು | 1,80,000 | 2,40,000 | 60,000 | 4,80,000 |
| ತಂತಿ | 1,40,000 | 60,000 | 50,000 | 2,50,000 |
| ಬಣ್ಣ | 70,000 | 30,000 | 1,50,000 | 2,50,000 |
| ಒಟ್ಟು | 4,80,000 | 7,50,000 | 3,70,000 | 16,00,000 |

ಮೊತ್ತದ ಬದಲು 14, 22, 9 ಎಂಬಂತಹ ಸಣ್ಣ ಅಂಕಿಗಳು ಕಂಡರೆ ಎಕ್ಸೆಲ್ ಮೌಲ್ಯವನ್ನು ಕೂಡಿಸದೆ ಸಾಲುಗಳನ್ನು ಎಣಿಸಿದೆ ಎಂದು ತಿಳಿಯಬೇಕು. ತಲೆಬರಹದಲ್ಲಿ `Sum of Value` ಬದಲು `Count of Value` ಎಂದಿರುತ್ತದೆ. ಮೌಲ್ಯದ ಅಂಕಣದಲ್ಲಿ ಎಲ್ಲಿಯೋ ಅಂಕಿಯ ಬದಲು ಅಕ್ಷರ ಸೇರಿರುವುದು ಇದಕ್ಕೆ ಸಾಮಾನ್ಯ ಕಾರಣ. ಪರಿಮಾಣದ ಮನೆಯಲ್ಲಿ ‘16’ ಎಂದು ಬರೆಯದೆ ‘16 ಸುರುಳಿ’ ಎಂದು ಬರೆದಿದ್ದರೂ ಸೂತ್ರ ಕೆಟ್ಟು ಹೀಗಾಗುತ್ತದೆ. ಮೂಲ ಸಾಲನ್ನು ಸರಿಪಡಿಸಿ, `Value Field Settings` ನಲ್ಲಿ `Sum` ಆರಿಸಬೇಕು.

ಔರಾದಕ್ಕೆ ಎರಡು ಅಂಕಣಗಳು ಕಂಡರೆ ಹೆಸರಿನ ಬರವಣಿಗೆ ಎರಡು ಬಗೆಯಾಗಿದೆ ಎಂದರ್ಥ. ‘ಔರಾದ’ ಮತ್ತು ‘ಔರಾದ್’ ಎಕ್ಸೆಲ್ ದೃಷ್ಟಿಯಲ್ಲಿ ಎರಡು ಊರುಗಳು. ಹೆಸರಿನ ಕೊನೆಯಲ್ಲಿ ಕಣ್ಣಿಗೆ ಕಾಣದ ಒಂದು ಖಾಲಿ ಜಾಗ ಸೇರಿದ್ದರೂ ಅಷ್ಟೇ. ವರ್ಗ ಹಾಗೂ ಸ್ಥಳದ ಹೆಸರುಗಳನ್ನು ಕೈಯಿಂದ ಬರೆಯಗೊಡದೆ `Data Validation` ಮೂಲಕ ಸಿದ್ಧ ಪಟ್ಟಿಯಿಂದಲೇ ಆರಿಸುವಂತೆ ಮಾಡಿದರೆ ಈ ತೊಂದರೆ ಬುಡದಲ್ಲೇ ನಿಲ್ಲುತ್ತದೆ.

ಮೂಲ ಪಟ್ಟಿಯನ್ನು ತಿದ್ದಿದ ಮೇಲೆ ಎಕ್ಸೆಲ್‌ನ ಹಲವು ಆವೃತ್ತಿಗಳಲ್ಲಿ ಕೋಷ್ಟಕ ತಾನಾಗಿ ಬದಲಾಗುವುದಿಲ್ಲ ಎಂಬುದು ಮುಖ್ಯ. `Data` ಅಡಿಯಲ್ಲಿರುವ `Refresh All` ಒತ್ತುವವರೆಗೆ ಅದು ಹಳೆಯ ಅಂಕಿಗಳನ್ನೇ ತೋರಿಸುತ್ತಿರುತ್ತದೆ. ಇದನ್ನು ಪತ್ತೆ ಹಚ್ಚಲು ಬೇರೆ ಹಾಳೆಯಲ್ಲಿ ಈ ಸೂತ್ರ ಇಟ್ಟುಕೊಳ್ಳುವುದು ಲೇಸು:

```
=SUMIFS(Stock[Value],Stock[Month],DATE(2025,9,30))
```

ಈ ಮೊತ್ತ ಮೂಲ ಪಟ್ಟಿಯಿಂದ ನೇರವಾಗಿ ಬರುತ್ತದೆ. ಇದು 16,00,000 ಎಂದಿದ್ದು ಕೋಷ್ಟಕದ ಒಟ್ಟು ಬೇರೆಯಾಗಿದ್ದರೆ, ಒಂದೋ ಕೋಷ್ಟಕ ಹಳೆಯದು, ಇಲ್ಲವೇ ಸೋಸುವಿಕೆಯಲ್ಲಿ ಬೇರೆ ತಿಂಗಳು ಸೇರಿದೆ.

ದಾಸ್ತಾನು ಶಿಲ್ಕೇ ಹೊರತು ವಹಿವಾಟಲ್ಲ

ಸೋಸುವಿಕೆಯ ಈ ಮಾತನ್ನು ಸ್ವಲ್ಪ ವಿಸ್ತರಿಸಬೇಕು, ಏಕೆಂದರೆ ಅತಿ ಹೆಚ್ಚು ದಾರಿ ತಪ್ಪಿಸುವ ಅಂಶ ಇದೇ. ಜುಲೈ, ಆಗಸ್ಟ್, ಸೆಪ್ಟೆಂಬರ್ ತಿಂಗಳ ಮಾರಾಟವನ್ನು ಕೂಡಿಸಿದರೆ ಮೂರು ತಿಂಗಳ ಮಾರಾಟ ಸಿಗುತ್ತದೆ. ಆದರೆ ಮೂರು ತಿಂಗಳ ಆಖೈರು ದಾಸ್ತಾನನ್ನು ಕೂಡಿಸಿದರೆ ಏನೂ ಸಿಗುವುದಿಲ್ಲ. ಜುಲೈ ಕೊನೆಯಲ್ಲಿದ್ದ ಅದೇ ಡಬ್ಬಿ ಸೆಪ್ಟೆಂಬರ್ ಕೊನೆಯಲ್ಲಿಯೂ ಮಾರಾಟವಾಗದೆ ಕುಳಿತಿದ್ದರೆ ಅದು ಮೂರು ಸಲ ಎಣಿಕೆಯಾಗುತ್ತದೆ. ಮೂರು ದಿನ ರಾತ್ರಿ ಗಲ್ಲಾಪೆಟ್ಟಿಗೆಯಲ್ಲಿ ಉಳಿದ ನಗದನ್ನು ಕೂಡಿಸಿ ಇಷ್ಟು ಹಣವಿದೆ ಎಂದು ಯಾರೂ ಹೇಳುವುದಿಲ್ಲ. ಪಿವಟ್ ಟೇಬಲಿಗೆ ಈ ವಿವೇಚನೆ ಇಲ್ಲ. ಸೋಸುವ ಪಟ್ಟಿಯಲ್ಲಿ `(All)` ಎಂದಿದ್ದರೆ ಅದು ಎಲ್ಲವನ್ನೂ ಕೂಡಿಸಿಬಿಡುತ್ತದೆ.

ತಿಂಗಳುಗಳನ್ನು ಹೋಲಿಸುವುದಾದರೆ `Month` ಅನ್ನು `Columns` ಚೌಕಕ್ಕೂ `Location` ಅನ್ನು `Filters` ಚೌಕಕ್ಕೂ ಬದಲಿಸಬೇಕು. ದಿನಾಂಕಗಳನ್ನು ಎಕ್ಸೆಲ್ ತಾನಾಗಿ ಗುಂಪುಗೂಡಿಸಿದರೆ ಬಲಗುಂಡಿ ಒತ್ತಿ `Ungroup` ಆರಿಸಬೇಕು. ಆಗ ಬಲತುದಿಯಲ್ಲಿ ಬರುವ ಒಟ್ಟು ಅಂಕಣವನ್ನು `Design`, `Grand Totals`, `On for Columns Only` ಎಂಬ ಆಯ್ಕೆಯಿಂದ ತೆಗೆದುಹಾಕಬೇಕು. ಔರಾದ ಒಂದನ್ನೇ ಆರಿಸಿದಾಗ ಬಣ್ಣದ ಸಾಲು ಹೀಗೆ ಕಾಣುತ್ತದೆ:

| ವರ್ಗ | 31-07-2025 | 31-08-2025 | 30-09-2025 |
|---|---|---|---|
| ಬಣ್ಣ | 1,20,000 | 1,35,000 | 1,50,000 |

ಬಣ್ಣದ ಸಾಲು ಏನು ಹೇಳುತ್ತದೆ

ಮೊದಲ ಕೋಷ್ಟಕದಲ್ಲಿ ದೊಡ್ಡ ಅಂಕಿ ಗೋದಾಮಿನ ಪೈಪಿನದು. ಅದನ್ನು ಕಂಡೊಡನೆ ಪೈಪು ಅತಿಯಾಯಿತೆಂದು ನಿರ್ಧರಿಸುವುದು ಸರಿಯಲ್ಲ. ಸೆಪ್ಟೆಂಬರ್ ಕೊನೆಯೆಂದರೆ ಮುಂಗಾರಿನ ಸೋಯಾ ಕೊಯ್ಲು ಎದುರಿಗಿದೆ. ಅದರ ಹಣ ಕೈಗೆ ಬಂದ ಮೇಲೆ ಹಿಂಗಾರಿನ ಕಡಲೆ, ಜೋಳಕ್ಕೆ ನೀರು ಹಾಯಿಸಲು ರೈತರು ಪೈಪು ಕೇಳುತ್ತಾರೆ. ಹಂಗಾಮಿಗೆ ಮುನ್ನ ಕೂಡಿಟ್ಟ ಸರಕು ಅದು. ಇದೇ ಅಂಕಿ ಜೂನ್ ಕೊನೆಯಲ್ಲಿ ಕಂಡಿದ್ದರೆ ಬೇರೆ ಅರ್ಥ ಕೊಡುತ್ತಿತ್ತು.

ಗಮನ ಸೆಳೆಯಬೇಕಾದುದು ಬಣ್ಣದ ಸಾಲು. ಒಟ್ಟು ಬಣ್ಣದಲ್ಲಿ ನೂರಕ್ಕೆ 60 ಭಾಗ ಚಿಕ್ಕ ಶಾಖೆಯಾದ ಔರಾದದಲ್ಲಿದೆ, ಮತ್ತು ಅದು ತಿಂಗಳಿಗೆ 15,000 ರೂಪಾಯಿಯಂತೆ ಏರುತ್ತಿದೆ. ಕಾರಣವನ್ನು ಪಿವಟ್ ಟೇಬಲ್ ಹೇಳದು. ಅದಕ್ಕೆ ಲೆಕ್ಕದ ಹಳೆಯ ಸೂತ್ರವೇ ಬೇಕು. ಆರಂಭದ ಶಿಲ್ಕಿಗೆ ಆವಕವನ್ನು ಕೂಡಿಸಿ ಆಖೈರು ಶಿಲ್ಕನ್ನು ಕಳೆದರೆ, ಮಾರಾಟವಾದ ಸರಕಿನ ಖರೀದಿ ಬೆಲೆ ಸಿಗುತ್ತದೆ.

ಔರಾದದಲ್ಲಿ ಸೆಪ್ಟೆಂಬರ್ ತಿಂಗಳ ಆರಂಭದ ಬಣ್ಣ 1,35,000. ಗೋದಾಮಿನಿಂದ ಬಂದದ್ದು 30,000. ಕೊನೆಯಲ್ಲಿ ಉಳಿದದ್ದು 1,50,000. ಹಾಗಾದರೆ ಮಾರಾಟವಾದದ್ದು 15,000 ರೂಪಾಯಿಯ ಬಣ್ಣ. ಈ ವೇಗದಲ್ಲಿ ಅಲ್ಲಿನ ದಾಸ್ತಾನು ಹತ್ತು ತಿಂಗಳಿಗೆ ಸಾಕು. ಕಮಲನಗರದ ಅಂಗಡಿ ಮತ್ತು ಗೋದಾಮು ಸೇರಿ ಆರಂಭದ ಬಣ್ಣ 1,10,000, ಹೊಸ ಖರೀದಿ 80,000, ಔರಾದಕ್ಕೆ ಕಳುಹಿಸಿದ್ದು 30,000, ಉಳಿದದ್ದು 1,00,000. ಇಲ್ಲಿ ಮಾರಾಟವಾದದ್ದು 60,000. ಇಲ್ಲಿರುವ ದಾಸ್ತಾನು ಎರಡು ತಿಂಗಳಿಗೂ ಸಾಲದು.

ರೋಗ ಸ್ಪಷ್ಟವಾಯಿತು. ಶಾಖೆಯಲ್ಲಿ ತಿಂಗಳಿಗೆ 15,000 ರೂಪಾಯಿಯ ಬಣ್ಣ ಖರ್ಚಾಗುತ್ತಿದ್ದರೂ ರೂಢಿಯಂತೆ 30,000 ರೂಪಾಯಿಯದು ಹೋಗುತ್ತಿದೆ. ಇತ್ತ ದೀಪಾವಳಿಗೆ ಮನೆಗಳಿಗೆ ಬಣ್ಣ ಬಳಿಯುವ ಕಾಲ. ಪೇಟೆಯ ಅಂಗಡಿಯಲ್ಲಿ ಬೇಡಿಕೆ ಏರುವ ಹೊತ್ತಿಗೆ ಸರಕು ಬೇರೆ ಊರಿನಲ್ಲಿದೆ. ಬಣ್ಣದ ಡಬ್ಬಿಗೆ ತಯಾರಿಕೆಯ ತಿಂಗಳೂ ಬಾಳಿಕೆಯ ಅವಧಿಯೂ ಇರುತ್ತವೆ. ಹತ್ತು ತಿಂಗಳು ಕಾಯುವ ಡಬ್ಬಿಗಳಲ್ಲಿ ಕೆಲವು ಗಟ್ಟಿಯಾಗಿ ಮೂಲಬೆಲೆಗೂ ಬಾರದಂತಾಗಬಹುದು. ಹಾಗಾದ ಸರಕನ್ನು ಖರೀದಿ ದರದಲ್ಲಿ ತೋರಿಸುವಂತಿಲ್ಲ; ಖರೀದಿ ದರ ಅಥವಾ ಮಾರಿದರೆ ನಿವ್ವಳವಾಗಿ ದೊರೆಯುವ ಬೆಲೆ, ಇವೆರಡರಲ್ಲಿ ಕಡಿಮೆಯಾದುದೇ ದಾಸ್ತಾನಿನ ಮೌಲ್ಯ.

ಪರಿಹಾರವೂ ಅಂಕಿಗಳಲ್ಲಿಯೇ ಇದೆ. ಔರಾದದಿಂದ 90,000 ರೂಪಾಯಿಯ ಬಣ್ಣವನ್ನು ಕಮಲನಗರಕ್ಕೆ ತರಿಸಿದರೆ ಅಲ್ಲಿ 60,000 ಉಳಿಯುತ್ತದೆ. ನಾಲ್ಕು ತಿಂಗಳಿಗೆ ಅದು ಸಾಕು. ಕಮಲನಗರದ ದಾಸ್ತಾನು 1,90,000 ಆಗುತ್ತದೆ, ಅಂದರೆ ಮೂರು ತಿಂಗಳ ಮಾರಾಟಕ್ಕಿಂತ ತುಸು ಹೆಚ್ಚು. ಅಕ್ಟೋಬರ್ ತಿಂಗಳ 80,000 ರೂಪಾಯಿಯ ಖರೀದಿಯನ್ನು ಪೂರ್ತಿ ಬಿಡಬಹುದು. ವಾರ್ಷಿಕ ನೂರಕ್ಕೆ 12ರ ಬಡ್ಡಿಯಂತೆ ಉಳಿಯುವುದು ತಿಂಗಳಿಗೆ 800 ರೂಪಾಯಿ ಮಾತ್ರ. ನಿಜವಾದ ಲಾಭ ಬಡ್ಡಿಯಲ್ಲಿಲ್ಲ. ಹಂಗಾಮಿನಲ್ಲಿ ಗಿರಾಕಿಯನ್ನು ಬರಿಗೈಯಲ್ಲಿ ಕಳುಹಿಸದಿರುವುದರಲ್ಲಿ ಮತ್ತು ಡಬ್ಬಿ ಕೆಡುವ ಮುನ್ನ ಮಾರಾಟವಾಗುವುದರಲ್ಲಿ ಇದೆ.

ಒಂದೇ ಜಿ.ಎಸ್.ಟಿ. ನೋಂದಣಿಯಡಿ ಇರುವ ಎರಡು ಸ್ಥಳಗಳ ನಡುವಿನ ಈ ಸಾಗಣೆಗೆ ತೆರಿಗೆ ಇಲ್ಲ. ಡೆಲಿವರಿ ಚಲನ್ ಬೇಕು. ಸಾಗಿಸುವ ಸರಕಿನ ಮೌಲ್ಯ 50,000 ರೂಪಾಯಿ ಮೀರಿದರೆ ಇ-ವೇ ಬಿಲ್ ಕೂಡ ಬೇಕು. ಔರಾದ ಶಾಖೆ ಹೆಚ್ಚುವರಿ ವ್ಯಾಪಾರ ಸ್ಥಳವೆಂದು ನೋಂದಣಿಯಲ್ಲಿ ಸೇರಿರಬೇಕು. ಆದರೆ ಶಾಖೆ ಗಡಿಯಾಚೆ ಉದಗೀರದಲ್ಲಿದ್ದರೆ ಮಾತು ಬೇರೆ. ಮಹಾರಾಷ್ಟ್ರದ ನೋಂದಣಿ ಪ್ರತ್ಯೇಕವಾದ್ದರಿಂದ ಅಲ್ಲಿಗೆ ಕಳುಹಿಸಿದ ಸರಕು ಮಾರಾಟವಾಗದಿದ್ದರೂ ಪೂರೈಕೆ ಎನಿಸಿ ಸಮಗ್ರ ಜಿ.ಎಸ್.ಟಿ.ಗೆ ಒಳಪಡುತ್ತದೆ. ಕಮಲನಗರದಂತಹ ಗಡಿಯ ಊರಿನ ವರ್ತಕರು ಎರಡು ರಾಜ್ಯಗಳ ಸ್ಥಳಗಳನ್ನು ಒಂದೇ ಕೋಷ್ಟಕದಲ್ಲಿ ನೋಡಬಹುದು, ಆದರೆ ಸರಕನ್ನು ಅತ್ತಿತ್ತ ಸಾಗಿಸುವ ಮುನ್ನ ಈ ವ್ಯತ್ಯಾಸವನ್ನು ನೆನೆಯಬೇಕು.

ವ್ಯತ್ಯಾಸದ ಕೋಷ್ಟಕ

ಅದೇ ಪಟ್ಟಿಯಿಂದ ಎರಡನೆಯ ಪಿವಟ್ ಟೇಬಲ್ ರಚಿಸಿ, `Values` ಚೌಕದಲ್ಲಿ `DiffValue` ಇಟ್ಟು, ಸೆಪ್ಟೆಂಬರ್ ಆರಿಸಿದರೆ ಎಣಿಕೆಗೂ ಪುಸ್ತಕಕ್ಕೂ ಇರುವ ಅಂತರ ತಿಳಿಯುತ್ತದೆ. ಈ ಉದಾಹರಣೆಯಲ್ಲಿ ಅಂತರವಿರುವುದು ತಂತಿಯಲ್ಲಿ ಮಾತ್ರ:

| ವರ್ಗ | ಅಂಗಡಿ | ಗೋದಾಮು | ಔರಾದ | ಒಟ್ಟು (ರೂ.) |
|---|---|---|---|---|
| ತಂತಿ | +7,200 | −7,200 | −3,600 | −3,600 |

ಒಟ್ಟು ಅಂಕಣವನ್ನಷ್ಟೇ ನೋಡಿದವನಿಗೆ 3,600 ರೂಪಾಯಿಯ ಒಂದೇ ಕೊರತೆ ಕಾಣುತ್ತದೆ. ಸ್ಥಳವಾರು ನೋಡಿದಾಗ ಅಲ್ಲಿ ಎರಡು ಬೇರೆ ಸಂಗತಿಗಳಿವೆ. ಗೋದಾಮಿನಲ್ಲಿ ನಾಲ್ಕು ಸುರುಳಿ ಕಡಿಮೆ, ಅಂಗಡಿಯಲ್ಲಿ ಅದೇ ನಾಲ್ಕು ಸುರುಳಿ ಹೆಚ್ಚು. ಎರಡೂ ಕಡೆ ಸಮನಾಗಿ, ವಿರುದ್ಧ ಚಿಹ್ನೆಯಲ್ಲಿ ಬರುವ ಅಂತರವು ಬಹುಮಟ್ಟಿಗೆ ಬರೆಯದೆ ಬಿಟ್ಟ ಸಾಗಣೆಯ ಗುರುತು. ಗಿರಾಕಿಯ ಅವಸರಕ್ಕೆ ಹುಡುಗನೊಬ್ಬ ಗೋದಾಮಿನಿಂದ ಸುರುಳಿ ತಂದಿದ್ದಾನೆ, ಪುಸ್ತಕದಲ್ಲಿ ನಮೂದಾಗಿಲ್ಲ. ಆ ಅಂಕಿಯ ಮೇಲೆ ಎರಡು ಸಲ ಒತ್ತಿದರೆ ಅದರ ಹಿಂದಿರುವ ಸಾಲುಗಳು ಹೊಸ ಹಾಳೆಯಲ್ಲಿ ತೆರೆದುಕೊಂಡು, ಯಾವ ತಂತಿ ಎಂಬುದು ತಿಳಿಯುತ್ತದೆ. ಸಾಗಣೆಯನ್ನು ನಮೂದಿಸಿದರೆ ಇದು ಮುಗಿಯಿತು. ಕೆಲಸಗಾರನ ಮೇಲೆ ಸಂಶಯ ಪಡುವ ಕಾರಣವಿಲ್ಲ.

ಔರಾದದ ಎರಡು ಸುರುಳಿಗಳಿಗೆ ಮಾತ್ರ ಎಲ್ಲಿಯೂ ಜೋಡಿ ಅಂಕಿ ಇಲ್ಲ. ಬಿಲ್ಲು ಹರಿಯದೆ ಉದ್ರಿ ಹೋಗಿರಬಹುದು, ಕಳೆದಿರಬಹುದು, ಹಿಂದಿನ ತಿಂಗಳ ಎಣಿಕೆಯೇ ತಪ್ಪಿರಬಹುದು. ಉದ್ರಿ ಪುಸ್ತಕ ಮತ್ತು ಹಿಂದಿನ ಎಣಿಕೆಯ ಹಾಳೆಯನ್ನು ಮೊದಲು ನೋಡಬೇಕು. ಕಾರಣ ಸಿಗದೆ ಸರಕನ್ನು ಲೆಕ್ಕದಿಂದ ತೆಗೆದುಹಾಕುವುದಾದರೆ, ಕೇಂದ್ರ ಜಿ.ಎಸ್.ಟಿ. ಕಾಯ್ದೆಯ 17(5)(ಎಚ್) ಕಲಮಿನಂತೆ ಆ ಸರಕಿನ ಮೇಲೆ ಪಡೆದ ತೆರಿಗೆ ಜಮೆಯನ್ನೂ ಹಿಂದಿರುಗಿಸಬೇಕಾಗುತ್ತದೆ. ಕಳೆದುಹೋದ, ಕಳುವಾದ, ನಾಶವಾದ ಸರಕನ್ನು ದಾಸ್ತಾನು ಲೆಕ್ಕದಲ್ಲಿ ತೋರಿಸಬೇಕೆಂದು 56(2)ನೆಯ ನಿಯಮವೂ ವಿಧಿಸುತ್ತದೆ. ರಾಜಿ ತೆರಿಗೆಯವರಿಗೆ ಮಾತ್ರ ಈ ನಿಯಮ ಅನ್ವಯಿಸುವುದಿಲ್ಲ.

ಕೆಳಸಾಲಿನ ಉಪಯೋಗ

ಮೊದಲ ಕೋಷ್ಟಕದ ಕೆಳಸಾಲು, ಅಂದರೆ ಪ್ರತಿ ಸ್ಥಳದ ಒಟ್ಟು ಮೌಲ್ಯ, ವಿಮೆಯ ಪತ್ರದೊಡನೆ ಹೋಲಿಸಬೇಕಾದ ಅಂಕಿ. ಗೋದಾಮಿನಲ್ಲಿ 7,50,000 ರೂಪಾಯಿಯ ಸರಕಿದ್ದು ವಿಮೆ 5,00,000 ರೂಪಾಯಿಗೆ ಮಾತ್ರ ಇದ್ದರೆ, ಅಗ್ನಿ ವಿಮೆಯ ಸರಾಸರಿ ನಿಯಮದಂತೆ ನಷ್ಟದ ಮೂರನೆಯ ಎರಡು ಭಾಗವಷ್ಟೇ ದೊರೆಯುತ್ತದೆ. 1,50,000 ರೂಪಾಯಿಯ ನಷ್ಟಕ್ಕೆ 1,00,000. ವಿಮೆಯ ಪತ್ರದಲ್ಲಿ ಔರಾದದ ವಿಳಾಸವೇ ಇಲ್ಲದಿದ್ದರೆ ಅಲ್ಲಿನ 3,70,000 ರೂಪಾಯಿಗೆ ಯಾವ ರಕ್ಷಣೆಯೂ ಇಲ್ಲ. ಬ್ಯಾಂಕಿನಿಂದ ಕ್ಯಾಶ್ ಕ್ರೆಡಿಟ್ ಪಡೆದವರು ಸಲ್ಲಿಸುವ ದಾಸ್ತಾನು ತಃಖ್ತೆಯ ಮೊತ್ತವೂ ಸ್ಥಳಗಳೂ ಇದೇ ಸಾಲಿಗೆ ತಾಳೆಯಾಗಬೇಕು.

ಪರಿಮಾಣವನ್ನು ಮಾತ್ರ ಈ ಕೋಷ್ಟಕದಲ್ಲಿ ವರ್ಗವಾರು ಕೂಡಿಸಬಾರದು. ಡಬ್ಬಿ, ಸುರುಳಿ, ಪಂಪುಗಳನ್ನು ಕೂಡಿಸಿದ ಅಂಕಿಗೆ ಅರ್ಥವಿಲ್ಲ. ವರ್ಗದ ಮಟ್ಟದಲ್ಲಿ ಕೂಡುವುದು ರೂಪಾಯಿ ಒಂದೇ. ಪರಿಮಾಣ ಬೇಕಾದಾಗ `Item` ಅನ್ನು `Rows` ಚೌಕಕ್ಕೆ ಸೇರಿಸಿ ಒಂದೊಂದು ಸರಕಿನ ಸಾಲಿನಲ್ಲಿಯೇ ನೋಡಬೇಕು.

ಪರಿಶೀಲನೆ ಮುಗಿದ ಮೇಲೆ ಆ ತಿಂಗಳ ಕೋಷ್ಟಕವನ್ನು ಮುದ್ರಿಸಿ, ಎಣಿಕೆ ಮಾಡಿದವರ ಮತ್ತು ಮಾಲೀಕರ ಸಹಿಯೊಡನೆ ಎಣಿಕೆಯ ಹಾಳೆಗಳ ಜೊತೆ ಇಡಬೇಕು. ಗಣಕಯಂತ್ರದಲ್ಲಿರುವ ಕೋಷ್ಟಕವು ಮೂಲ ಪಟ್ಟಿ ತಿದ್ದಿದಂತೆಲ್ಲ ಬದಲಾಗುತ್ತದೆ. ವರ್ಷಾಂತ್ಯದಲ್ಲಿ ಲೆಕ್ಕ ತಪಾಸಣೆಗೆ ಕುಳಿತಾಗ ಸೆಪ್ಟೆಂಬರ್ ಕೊನೆಯಲ್ಲಿ ಏನಿತ್ತೆಂದು ಹೇಳುವುದು ಸಹಿಯಿರುವ ಆ ಒಂದು ಹಾಳೆಯೇ.